ರಾತ್ರಿ ಪಾಳಿಯ ಟೈಮ್‌ಶೀಟ್ ಕೂಡಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹಗಲು ಪಾಳಿಯ ಗಂಟೆ ಕೂಡಿಸುವುದು ಸುಲಭ. ಹೋದ ಸಮಯದಿಂದ ಬಂದ ಸಮಯ ಕಳೆದರೆ ಆಯಿತು. ಪಾಳಿ ರಾತ್ರಿ ಹನ್ನೆರಡು ದಾಟಿತು ಅಂದರೆ ಅದೇ ಲೆಕ್ಕ ಕೈಕೊಡುತ್ತದೆ. ಅದರ ಮೇಲೆ ಸಂಬಳವಿಲ್ಲದ ಬ್ರೇಕ್, ದಿನದ ಓಟಿ, ವಾರದ ಓಟಿ ಸೇರಿದರೆ ಒಂದೇ ಹಾಳೆಯಿಂದ ಇಬ್ಬರು ಎರಡು ಮೊತ್ತ ತೆಗೆಯುತ್ತಾರೆ. ಇಲ್ಲಿ ಒಬ್ಬರ ಒಂದು ವಾರದ ಟೈಮ್‌ಶೀಟನ್ನು ಮೊದಲಿಂದ ಕೊನೆವರೆಗೆ ಕೂಡಿಸಿ ತೋರಿಸಿದ್ದೇನೆ. ಫಾರ್ಮುಲಾಗಳು ಎಕ್ಸೆಲ್‌ನಲ್ಲೂ ಗೂಗಲ್ ಶೀಟ್ಸ್‌ನಲ್ಲೂ ನಡೆಯುತ್ತವೆ.

ದಿನಕ್ಕೆ 8 ಗಂಟೆ, ವಾರಕ್ಕೆ 40 ಗಂಟೆ ಎಂಬ ಮಿತಿಗಳನ್ನು ಉದಾಹರಣೆಗೆ ಮಾತ್ರ ಇಟ್ಟುಕೊಂಡಿದ್ದೇನೆ. ನಿಮ್ಮ ಮಿತಿ ಬೇರೆ ಇರಬಹುದು. ಅದಕ್ಕೇ ಅವನ್ನು ಫಾರ್ಮುಲಾ ಒಳಗೆ ಬರೆಯದೆ ಬೇರೆ ಸೆಲ್‌ನಲ್ಲಿ ಇಡುತ್ತೇವೆ.

ಬೆಳಗಿನ ಸಮಯದಿಂದ ರಾತ್ರಿಯ ಸಮಯ ಕಳೆದರೆ ##### ಅಂತ ಬರುತ್ತದೆ. ಯಾಕೆ?

ಶೀಟ್‌ಗೆ ಸಮಯ ಎಂದರೆ ಒಂದು ದಿನದ ಭಾಗ. ಪೂರ್ತಿ ದಿನ 1, ಬೆಳಗ್ಗೆ 6 ಗಂಟೆ 0.25, ಮಧ್ಯಾಹ್ನ 12 ಗಂಟೆ 0.5. ನೀವು 22:00 ಅಂತ ಟೈಪ್ ಮಾಡಿದಾಗ ಅದು ಯಾವ ದಿನದ್ದು ಅನ್ನುವುದು ಸೆಲ್‌ನಲ್ಲಿ ಇರುವುದಿಲ್ಲ. ಹಾಗಾಗಿ 06:30 ರಿಂದ 22:00 ಕಳೆದರೆ ಶೀಟ್ ಎರಡನ್ನೂ ಒಂದೇ ದಿನದ ಸಮಯ ಅಂದುಕೊಂಡು ಮೈನಸ್ ಹದಿನೈದೂವರೆ ಗಂಟೆ ಕೊಡುತ್ತದೆ. ಎಕ್ಸೆಲ್‌ಗೆ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಮೈನಸ್ ಸಮಯ ತೋರಿಸಲು ಬರುವುದಿಲ್ಲ, ಅದಕ್ಕೇ ಆ ಗುರುತುಗಳು. ಕಾಲಂ ಅಗಲ ಮಾಡಿದರೂ ಹೋಗುವುದಿಲ್ಲ.

ಕೈಯಲ್ಲಿ ಲೆಕ್ಕ ಹಾಕುವವರು ಏನು ಮಾಡುತ್ತಾರೆ? ಬೆಳಗಿನ ಸಮಯಕ್ಕೆ 24 ಕೂಡಿಸುತ್ತಾರೆ. 06:30 ಎಂಬುದು 30:30 ಆಗುತ್ತದೆ, ಅದರಿಂದ 22:00 ಕಳೆದರೆ 8:30. ಶೀಟ್‌ನಲ್ಲೂ ಮಾಡಬೇಕಾದ್ದು ಇಷ್ಟೇ:

```
=MOD(C2-B2,1)
```

B ಕಾಲಂನಲ್ಲಿ ಬಂದ ಸಮಯ, C ಕಾಲಂನಲ್ಲಿ ಹೋದ ಸಮಯ ಇದೆ. ಉತ್ತರ ಮೈನಸ್ ಬಂದರೆ MOD ಅದಕ್ಕೆ ಒಂದು ಪೂರ್ತಿ ದಿನ ಕೂಡಿಸುತ್ತದೆ, ಪ್ಲಸ್ ಇದ್ದರೆ ಹಾಗೇ ಬಿಡುತ್ತದೆ. ಹಗಲು ಪಾಳಿಗೆ ಒಂದು ಫಾರ್ಮುಲಾ, ರಾತ್ರಿ ಪಾಳಿಗೆ ಇನ್ನೊಂದು ಅಂತ ಇಡಬೇಕಿಲ್ಲ. ಸರಿಯಾಗಿ 00:00 ಕ್ಕೆ ಮುಗಿಯುವ ಪಾಳಿಗೂ ಇದೇ ಸಾಕು.

ಗಂಟೆಯಲ್ಲೇ ಇಡಬಹುದಲ್ವಾ, ನಿಮಿಷಕ್ಕೆ ಯಾಕೆ ಬದಲಾಯಿಸಬೇಕು?

ಇಡಬಹುದು, ಆದರೆ ನನ್ನ ಸಲಹೆ ನಿಮಿಷ. ಕಾರಣ ಎರಡು.

ಮೊದಲನೆಯದು ದಶಮಾಂಶದ ಕಾಟ. ಶೀಟ್ ಒಳಗೆ 8 ಗಂಟೆ ಎಂದರೆ 0.3333 ಅಂತ ಮುಗಿಯದೇ ಹೋಗುವ ಸಂಖ್ಯೆ. ಕೂಡಿ ಕಳೆದು ಬಂದ ಉತ್ತರ ನೋಡಲು 8:00 ಇದ್ದರೂ ಒಳಗೆ ಕೂದಲೆಳೆಯಷ್ಟು ಹೆಚ್ಚು ಕಡಿಮೆ ಇರಬಹುದು. ಸುಮ್ನೆ ಕೂಡಿಸುವಾಗ ಅದು ಲೆಕ್ಕಕ್ಕೆ ಬರುವುದಿಲ್ಲ. ಆದರೆ "8 ಗಂಟೆಗಿಂತ ಜಾಸ್ತಿ ಇದೆಯಾ?" ಅಂತ ಹೋಲಿಸುವಾಗ, ಎಂಟೇ ಗಂಟೆ ಕೆಲಸ ಮಾಡಿದವರನ್ನು ಓಟಿ ಪಟ್ಟಿಗೆ ಸೇರಿಸಿಬಿಡಬಹುದು.

ಎರಡನೆಯದು ಬ್ರೇಕ್. ಬ್ರೇಕನ್ನು ಎಲ್ಲರೂ ನಿಮಿಷದಲ್ಲೇ ಬರೆಯುತ್ತಾರೆ. ಸಮಯದ ಸೆಲ್‌ನಿಂದ ನೇರವಾಗಿ 30 ಕಳೆದರೆ ಶೀಟ್ ಮೂವತ್ತು ದಿನ ಕಳೆಯುತ್ತದೆ!

ಆದ್ದರಿಂದ ಅವಧಿಯನ್ನು 1440 ರಿಂದ ಗುಣಿಸಿ (ಒಂದು ದಿನಕ್ಕೆ ಅಷ್ಟು ನಿಮಿಷ), ಪೂರ್ಣಾಂಕಕ್ಕೆ ತಂದು, ಆಮೇಲೆ ಬ್ರೇಕ್ ಕಳೆಯಿರಿ. D ಕಾಲಂನಲ್ಲಿ ಬ್ರೇಕ್ ನಿಮಿಷ ಇದೆ ಅಂದುಕೊಂಡರೆ:

```
=IF(COUNT(B2:C2)<2,"",ROUND(MOD(C2-B2,1)*1440,0)-D2)
```

ಇದು E2 ಸೆಲ್‌ಗೆ. ಮುಂದಿನ ಲೆಕ್ಕವೆಲ್ಲ ಪೂರ್ಣಾಂಕದಲ್ಲೇ ನಡೆಯುತ್ತದೆ. ಆರಂಭದಲ್ಲಿರುವ COUNT ಯಾಕೆ ಅನ್ನುವುದನ್ನು ಕೆಳಗೆ ಹೇಳಿದ್ದೇನೆ. ಅದನ್ನು ಮಾತ್ರ ಬಿಡಬೇಡಿ.

ಬ್ರೇಕ್ ಮೊದಲು ಕಳೆಯಬೇಕಾ, ಓಟಿ ಮೊದಲು ನೋಡಬೇಕಾ?

ಬ್ರೇಕ್ ಮೊದಲು. ಮಿತಿಯನ್ನು ಹೋಲಿಸಬೇಕಾದ್ದು ಕೆಲಸದ ಸಮಯಕ್ಕೆ, ಒಳಗಿದ್ದ ಸಮಯಕ್ಕಲ್ಲ. 21:30 ಕ್ಕೆ ಬಂದು 06:00 ಕ್ಕೆ ಹೋದವರು ಎಂಟೂವರೆ ಗಂಟೆ ಒಳಗಿದ್ದರು. 45 ನಿಮಿಷ ಬ್ರೇಕ್ ಕಳೆದರೆ ಕೆಲಸ 7:45. ಅವರಿಗೆ ಓಟಿ ಇಲ್ಲ. ಓಟಿ ಮೊದಲು ನೋಡಿ ಬ್ರೇಕ್ ಆಮೇಲೆ ಕಳೆದರೆ ಅರ್ಧ ಗಂಟೆ ಓಟಿ ಹುಟ್ಟಿಕೊಳ್ಳುತ್ತದೆ, ಮಾಮೂಲಿ ಗಂಟೆ ಅಷ್ಟೇ ಕಡಿಮೆಯಾಗುತ್ತದೆ. ಒಟ್ಟು ಗಂಟೆ ಎರಡರಲ್ಲೂ ಒಂದೇ ಬರುವುದರಿಂದ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ, ಹಣ ಮಾತ್ರ ಬದಲಾಗುತ್ತದೆ.

D ಕಾಲಂಗೆ ಹೋಗಬೇಕಾದ್ದು ಸಂಬಳವಿಲ್ಲದ ಬ್ರೇಕ್ ಮಾತ್ರ. ಸಂಬಳ ಸಿಗುವ ಸಣ್ಣ ಬಿಡುವನ್ನು ಅಲ್ಲಿ ಬರೆಯಬೇಡಿ. ಬ್ರೇಕ್‌ಗೂ ಇನ್, ಔಟ್ ಪಂಚ್ ಇದ್ದರೆ, ಉದಾಹರಣೆಗೆ 23:45 ರಿಂದ 00:15, ಅದೂ ನಡುರಾತ್ರಿ ದಾಟುತ್ತದೆ. ಅದಕ್ಕೂ MOD ಹಾಕಿಯೇ ನಿಮಿಷ ತೆಗೆಯಬೇಕು.

ಆರು ಗಂಟೆ ದಾಟಿದ ಪಾಳಿಗೆಲ್ಲ ಅರ್ಧ ಗಂಟೆ ತಾನಾಗಿ ಕಳೆಯುವ ಹಾಗೆ ಮಾಡಬಹುದಾ?

ಮಾಡಬಹುದು, ಒಂದು IF ಸಾಕು. ಆದರೆ ಅಂಚಿನಲ್ಲಿ ಏನಾಗುತ್ತದೆ ನೋಡಿ. 6:00 ಗಂಟೆ ಇದ್ದವರಿಗೆ ಪೂರ್ತಿ ಆರು ಗಂಟೆ ಸಿಗುತ್ತದೆ. ಹತ್ತು ನಿಮಿಷ ಜಾಸ್ತಿ ಇದ್ದವರಿಗೆ 5:40 ಸಿಗುತ್ತದೆ. ಜಾಸ್ತಿ ಹೊತ್ತು ಇದ್ದವರಿಗೆ ಕಡಿಮೆ ಸಂಬಳ, ಇದನ್ನು ಅವರಿಗೆ ಹೇಗೆ ವಿವರಿಸುತ್ತೀರಿ?

ಇನ್ನೂ ದೊಡ್ಡ ಮಾತು ಅಂದರೆ, ರಾತ್ರಿ ಪಾಳಿಯಲ್ಲಿ ಜನ ಕಡಿಮೆ ಇರುತ್ತಾರೆ. ಜಾಗ ಬಿಟ್ಟು ಏಳಲು ಆಗದೆ ಬ್ರೇಕ್ ತಪ್ಪುವುದು ಹೊಸದೇನಲ್ಲ. ತಾನಾಗಿ ಕಳೆಯುವ ಫಾರ್ಮುಲಾ ಇದ್ದರೆ ಆ ಅರ್ಧ ಗಂಟೆ ದುಡಿಮೆ ಲೆಕ್ಕದಿಂದಲೇ ಮಾಯ. ಅದಕ್ಕೇ ತೆಗೆದುಕೊಂಡ ಬ್ರೇಕನ್ನು D ಕಾಲಂನಲ್ಲಿ ಬರೆಸುವುದೇ ಸರಿ ಅನ್ನುತ್ತೇನೆ. ತೆಗೆದುಕೊಳ್ಳದಿದ್ದರೆ 0 ಬರೆಯಲಿ, ಖಾಲಿ ಬಿಡುವುದು ಬೇಡ. ಖಾಲಿ ಇದ್ದರೆ ಮರೆತದ್ದಾ, ತೆಗೆದುಕೊಂಡಿಲ್ಲವಾ ಅಂತ ಗೊತ್ತಾಗುವುದಿಲ್ಲ.

ಒಂದು ಪೂರ್ತಿ ವಾರ ಕೂಡಿಸಿ ತೋರಿಸಿ.

ಮಿತಿಗಳನ್ನು ನಿಮಿಷದಲ್ಲಿ ಇಡಿ: K1 ಸೆಲ್‌ನಲ್ಲಿ 480, K2 ಸೆಲ್‌ನಲ್ಲಿ 2400. ದಿನದ ಓಟಿ F ಕಾಲಂ, ಓಟಿ ಬಿಟ್ಟ ಮಾಮೂಲಿ ನಿಮಿಷ G ಕಾಲಂ:

```
F2:  =IF(E2="","",MAX(0,E2-$K$1))
G2:  =IF(E2="","",E2-F2)
```

ಇವನ್ನು ಏಳೂ ದಿನದ ಸಾಲುಗಳಿಗೆ, ಅಂದರೆ 2 ರಿಂದ 8 ರವರೆಗೆ ಎಳೆಯಿರಿ. ಭಾನುವಾರ ರಜೆ, ಆ ಸಾಲು ಖಾಲಿ.

| ದಿನ | ಬಂದದ್ದು | ಹೋದದ್ದು | ಬ್ರೇಕ್ | ಕೆಲಸ | ದಿನದ ಓಟಿ | ಮಾಮೂಲಿ |
|---|---|---|---|---|---|---|
| ಸೋಮ | 22:00 | 06:30 | 30 | 480 | 0 | 480 |
| ಮಂಗಳ | 22:00 | 07:15 | 30 | 525 | 45 | 480 |
| ಬುಧ | 21:30 | 06:00 | 45 | 465 | 0 | 465 |
| ಗುರು | 22:00 | 08:00 | 30 | 570 | 90 | 480 |
| ಶುಕ್ರ | 18:00 | 00:00 | 30 | 330 | 0 | 330 |
| ಶನಿ | 20:00 | 02:30 | 30 | 360 | 0 | 360 |
| ಒಟ್ಟು | | | 195 | 2730 | 135 | 2595 |

ಒಟ್ಟು ಕೆಲಸ 2730 ನಿಮಿಷ, ಅಂದರೆ ನಲವತ್ತೈದೂವರೆ ಗಂಟೆ. ದಿನದ ಓಟಿ 135 ನಿಮಿಷ, ಎರಡೂಕಾಲು ಗಂಟೆ. ಇನ್ನು ವಾರದ ಓಟಿ ನೋಡಬೇಕು.

ದಿನದ ಓಟಿ, ವಾರದ ಓಟಿ ಎರಡೂ ಇದ್ದರೆ ಎರಡನ್ನೂ ಕೂಡಿಸಬೇಕಾ?

ಜಗಳ ಜಾಸ್ತಿ ಆಗುವುದು ಇಲ್ಲೇ. ಒಟ್ಟು 2730 ರಿಂದ 2400 ಕಳೆದು 330 ನಿಮಿಷ ವಾರದ ಓಟಿ ಅಂದು, ಅದಕ್ಕೆ ದಿನದ 135 ಕೂಡಿಸಿ 465 ಅನ್ನುವವರಿದ್ದಾರೆ. ಅದರಲ್ಲಿ 135 ನಿಮಿಷ ಎರಡು ಸಲ ಬಂದಿದೆ. ಮಂಗಳವಾರದ 45 ಮತ್ತು ಗುರುವಾರದ 90 ನಿಮಿಷಕ್ಕೆ ದಿನದ ಲೆಕ್ಕದಲ್ಲಿ ಆಗಲೇ ಓಟಿ ಕೊಟ್ಟಾಗಿದೆ. ಅವೇ ನಿಮಿಷಗಳನ್ನು ವಾರದ ಮಿತಿ ತುಂಬಿಸಲು ಮತ್ತೆ ಬಳಸುವಂತಿಲ್ಲ. ಒಂದೊಂದು ನಿಮಿಷಕ್ಕೂ ಓಟಿ ಒಂದೇ ಸಲ.

ಹಾಗಾಗಿ ವಾರದ ಮಿತಿಗೆ ಹೋಲಿಸಬೇಕಾದ್ದು ಮಾಮೂಲಿ ನಿಮಿಷಗಳ ಮೊತ್ತವನ್ನು:

```
=MAX(0,SUM(G2:G8)-$K$2)
```

2595 ರಿಂದ 2400 ಕಳೆದರೆ 195. ದಿನದ 135 ಸೇರಿ ಒಟ್ಟು ಓಟಿ 330 ನಿಮಿಷ, ಐದೂವರೆ ಗಂಟೆ. ಮಾಮೂಲಿ 2400, ಸರಿಯಾಗಿ ನಲವತ್ತು ಗಂಟೆ. ಎರಡೂ ಕೂಡಿದರೆ 2730, ಒಂದು ನಿಮಿಷವೂ ಕಳೆದುಹೋಗಿಲ್ಲ.

ಬ್ರೇಕಿನ ಮೊತ್ತವೂ 195 ಬಂದಿದೆ, ಅದು ಬರೀ ಕಾಕತಾಳೀಯ. ಅದಕ್ಕೂ ವಾರದ ಓಟಿಗೂ ಸಂಬಂಧವಿಲ್ಲ.

ತಾಳೆ ನೋಡಲು ಇನ್ನೊಂದು ದಾರಿ ಇದೆ. ದಿನದ ಓಟಿ ಮೊತ್ತ ಒಂದು ಕಡೆ (135), ಒಟ್ಟು ಕೆಲಸದಿಂದ ವಾರದ ಮಿತಿ ಕಳೆದದ್ದು ಇನ್ನೊಂದು ಕಡೆ (330). ಎರಡರಲ್ಲಿ ಯಾವುದು ದೊಡ್ಡದೋ ಅದೇ ಒಟ್ಟು ಓಟಿ. ಮೇಲಿನ ಹಂತ ಹಂತದ ಲೆಕ್ಕಕ್ಕೂ ಇದಕ್ಕೂ ಉತ್ತರ ಯಾವಾಗಲೂ ಒಂದೇ ಬರಬೇಕು:

```
=MAX(SUM(F2:F8),SUM(E2:E8)-$K$2)
```

ದಿನದ ಓಟಿಗೊಂದು ದರ, ವಾರದ ಓಟಿಗೊಂದು ದರ ಇದ್ದರೆ ಮಾತ್ರ ಈ ಒಂದು ಸಂಖ್ಯೆ ಸಾಲದು. ಆಗ 135 ಮತ್ತು 195 ಅನ್ನು ಬೇರೆ ಬೇರೆಯಾಗಿಯೇ ಸಂಬಳದ ಲೆಕ್ಕಕ್ಕೆ ಒಯ್ಯಬೇಕು. ದಿನದ ಓಟಿಯೇ ಇಲ್ಲದ, ವಾರದ ಮಿತಿ ಮಾತ್ರ ಇರುವ ಕಡೆ K1 ಸೆಲ್‌ನಲ್ಲಿ 1440 ಹಾಕಿಬಿಡಿ, F ಕಾಲಂ ಪೂರ್ತಿ ಸೊನ್ನೆಯಾಗುತ್ತದೆ.

ನಡುರಾತ್ರಿ ದಾಟಿದ ಗಂಟೆಗಳು ಯಾವ ದಿನಕ್ಕೆ ಸೇರುತ್ತವೆ?

ಇದು ಫಾರ್ಮುಲಾ ಉತ್ತರ ಕೊಡಬಲ್ಲ ಪ್ರಶ್ನೆಯಲ್ಲ. ನಿಮಗೆ ಅನ್ವಯಿಸುವ ನಿಯಮ ಹೇಳಬೇಕು. ಸಾಮಾನ್ಯವಾಗಿ ಎರಡು ಪದ್ಧತಿ ಇವೆ. ಒಂದರಲ್ಲಿ ಇಡೀ ಪಾಳಿ ಅದು ಶುರುವಾದ ದಿನಕ್ಕೆ ಸೇರುತ್ತದೆ, ನಾವು ಮೇಲೆ ಮಾಡಿದ್ದು ಅದನ್ನೇ. ಇನ್ನೊಂದರಲ್ಲಿ 00:00 ಕ್ಕೆ ಗೆರೆ ಎಳೆದು ಎರಡೂ ತುಂಡನ್ನು ಆಯಾ ತಾರೀಖಿಗೆ ಹಾಕುತ್ತಾರೆ.

ಏನು ವ್ಯತ್ಯಾಸ ಅಂತ ಅನ್ನಿಸಬಹುದು. ಅದೇ ವಾರದ ಶುಕ್ರವಾರವನ್ನೇ ನೋಡಿ. ಶುರುವಾದ ದಿನದ ಪದ್ಧತಿಯಲ್ಲಿ ಆ ದಿನ ಐದೂವರೆ ಗಂಟೆ ಕೆಲಸ, ಓಟಿ ಇಲ್ಲ. ತುಂಡು ಮಾಡಿದರೆ? ಗುರುವಾರ ರಾತ್ರಿ ಬಂದವರು ಶುಕ್ರವಾರ ಬೆಳಗ್ಗೆ 8 ರವರೆಗೆ ಇದ್ದರು. ಅವರ ಬ್ರೇಕ್ ನಡುರಾತ್ರಿಯ ನಂತರ ಬಿತ್ತು ಅಂದುಕೊಳ್ಳಿ, ಆ ತುಂಡು 7:30. ಅದೇ ಶುಕ್ರವಾರ ಸಂಜೆ 6 ಕ್ಕೆ ಮತ್ತೆ ಬಂದು 5:30 ಕೆಲಸ ಮಾಡಿದರು. ಒಂದೇ ತಾರೀಖಿನಲ್ಲಿ ಹದಿಮೂರು ಗಂಟೆ, ಅದರಲ್ಲಿ ಐದು ಗಂಟೆ ಓಟಿ. ಗುರುವಾರದ ಓಟಿ ಮಾತ್ರ ಇಲ್ಲವಾಗುತ್ತದೆ, ಯಾಕೆಂದರೆ ಆ ತಾರೀಖಿಗೆ ಬುಧವಾರದ ಪಾಳಿಯಿಂದ ಬಂದ 5:15 ಮತ್ತು ರಾತ್ರಿಯ ಎರಡು ಗಂಟೆ, ಒಟ್ಟು 7:15 ಅಷ್ಟೇ.

ಸೋಮವಾರದಿಂದ ಗುರುವಾರದವರೆಗಿನ ಎಲ್ಲ ಬ್ರೇಕ್ ನಡುರಾತ್ರಿಯ ನಂತರ ಬಿದ್ದವು ಅಂತ ಹಿಡಿದರೆ, ಹಿಂದಿನ ಭಾನುವಾರ ರಾತ್ರಿಯಿಂದ ಏನೂ ಬಂದಿಲ್ಲದಿದ್ದರೆ, ತುಂಡು ಪದ್ಧತಿಯಲ್ಲಿ ಬುಧವಾರ 1:15, ಶುಕ್ರವಾರ 5:00, ಒಟ್ಟು ದಿನದ ಓಟಿ 6:15. ವಾರದ ಒಟ್ಟು ಕೆಲಸ ಮೊದಲಿನಷ್ಟೇ. ಮೇಲಿನ ದೊಡ್ಡದು ಯಾವುದು ಎಂಬ ಲೆಕ್ಕ ಹಾಕಿದರೆ 375 ಮತ್ತು 330 ರಲ್ಲಿ 375 ದೊಡ್ಡದು. ಓಟಿ 5:30 ಇದ್ದದ್ದು 6:15 ಆಯಿತು. ಅದೇ ಮನುಷ್ಯ, ಅವೇ ಪಂಚ್‌ಗಳು, ಮುಕ್ಕಾಲು ಗಂಟೆ ವ್ಯತ್ಯಾಸ.

ಅದಕ್ಕೇ ಹಾಳೆಯ ತಲೆಯಲ್ಲೇ "ಪಾಳಿ ಶುರುವಾದ ದಿನಕ್ಕೆ ಸೇರುತ್ತದೆ" ಅಂತಲೋ, "ತಾರೀಖಿನ ಪ್ರಕಾರ ತುಂಡು" ಅಂತಲೋ ಬರೆದಿಡಿ. ಈ ವಾರ ಒಂದು, ಮುಂದಿನ ವಾರ ಇನ್ನೊಂದು ಮಾಡುವಂತಿಲ್ಲ.

ವಾರದ ಅಂಚಿಗೂ ಇದೇ ಮಾತು. ವಾರ ಸೋಮವಾರ 00:00 ಕ್ಕೆ ಶುರುವಾಗುತ್ತದೆ, ಭಾನುವಾರ ರಾತ್ರಿ 22:00 ರಿಂದ 06:30 ಪಾಳಿ ಇದೆ, ಬ್ರೇಕ್ 02:00 ಕ್ಕೆ ಅಂದುಕೊಳ್ಳಿ. ಮೊದಲ ಪದ್ಧತಿಯಲ್ಲಿ ಎಂಟು ಗಂಟೆಯೂ ಹಳೇ ವಾರಕ್ಕೆ. ಎರಡನೆಯದರಲ್ಲಿ ಎರಡು ಗಂಟೆ ಹಳೇ ವಾರಕ್ಕೆ, ಆರು ಗಂಟೆ ಹೊಸ ವಾರಕ್ಕೆ.

ತುಂಡು ಮಾಡಲೇಬೇಕು ಅಂದರೆ ಫಾರ್ಮುಲಾ ಏನು?

ನಡುರಾತ್ರಿಗೆ ಮುಂಚಿನ ತುಂಡು ಮೊದಲನೆಯದು, ನಂತರದ ತುಂಡು ಎರಡನೆಯದು:

```
=ROUND(IF(C2<B2,1-B2,C2-B2)*1440,0)
=ROUND(IF(C2<B2,C2,0)*1440,0)
```

ಇಲ್ಲಿ ಬ್ರೇಕ್ ಕಳೆದಿಲ್ಲ, ಕಳೆಯಲು ಒಂದೇ D ಕಾಲಂ ಸಾಲುವುದೂ ಇಲ್ಲ. ಬ್ರೇಕ್ ನಡುರಾತ್ರಿಯ ಯಾವ ಕಡೆ ಬಿತ್ತು ಅಂತ ಗೊತ್ತಿರಬೇಕು. ಆದ್ದರಿಂದ ಬ್ರೇಕ್‌ಗೂ ಎರಡು ಕಾಲಂ ಮಾಡಿ, ಮುಂಚಿನದ್ದು ಒಂದು, ನಂತರದ್ದು ಒಂದು. ಅರ್ಧರ್ಧ ಹಂಚಿಬಿಡೋಣ ಅನ್ನುವ ಆಸೆ ಬರುತ್ತದೆ, ಬೇಡ. ಇಂಥದ್ದೇ ಹದಿನೈದು ನಿಮಿಷ ಯಾರನ್ನೋ ಮಿತಿಯ ಈಚೆಗೋ ಆಚೆಗೋ ತಳ್ಳುತ್ತದೆ. ತುಂಡುಗಳನ್ನು ಆಯಾ ತಾರೀಖಿಗೆ ಕೂಡಿಸಿದ ಮೇಲೆಯೇ ದಿನದ ಮಿತಿ ಹೋಲಿಸಬೇಕು.

ಔಟ್ ಪಂಚ್ ಮರೆತವರಿಗೂ ಎರಡು ಗಂಟೆ ಬಂದಿದೆ. ಎಲ್ಲಿಂದ ಬಂತು?

MOD ಇಂದ. ಖಾಲಿ ಸೆಲ್ ಅಂದರೆ ಶೀಟ್‌ಗೆ ಸೊನ್ನೆ, ಸೊನ್ನೆ ಅಂದರೆ 00:00. ಇನ್ 22:00, ಔಟ್ ಖಾಲಿ ಇದ್ದರೆ ನಡುರಾತ್ರಿಗೆ ಹೋದರು ಅಂತ ಲೆಕ್ಕ, ಎರಡು ಗಂಟೆ. ದೋಷದ ಗುರುತು ಏನೂ ಬರುವುದಿಲ್ಲ. COUNT ಹಾಕಿದ್ದು ಇದಕ್ಕೇ. ಎರಡೂ ಸಮಯ ಇಲ್ಲದಿದ್ದರೆ ಸಾಲು ಖಾಲಿಯಾಗಿ ಉಳಿಯುತ್ತದೆ, ನೀವು ಹೋಗಿ ಕೇಳಬಹುದು.

ಇದಕ್ಕಿಂತ ಅಪಾಯದ್ದು ಚುಕ್ಕೆ. 22:00 ಬದಲು 22.00, 06:30 ಬದಲು 6.30 ಅಂತ ಟೈಪ್ ಮಾಡುವವರು ಬಹಳ. ಚುಕ್ಕೆಯನ್ನು ದಶಮಾಂಶವಾಗಿ ಓದುವ ಸೆಟ್ಟಿಂಗ್ ಇದ್ದರೆ ಶೀಟ್ ಅವನ್ನು ಇಪ್ಪತ್ತೆರಡು ದಿನ, ಆರು ಮತ್ತು ಕಾಲು ಚಿಲ್ಲರೆ ದಿನ ಅಂತ ಹಿಡಿಯುತ್ತದೆ. 6.3 ರಿಂದ 22 ಕಳೆದರೆ ಮೈನಸ್ 15.7, MOD ಅದನ್ನು 0.3 ಮಾಡುತ್ತದೆ, ಅಂದರೆ 7:12. ನಿಜವಾದ ಅವಧಿ 8:30. ಏಳು ಗಂಟೆ ಹನ್ನೆರಡು ನಿಮಿಷ ಅನ್ನುವುದು ನೋಡಲು ಎಷ್ಟು ಸಹಜವಾಗಿದೆ! COUNT ಕೂಡ ಇದನ್ನು ಹಿಡಿಯುವುದಿಲ್ಲ, ಎರಡೂ ಸಂಖ್ಯೆಯೇ ತಾನೆ.

ತಡೆಯುವ ದಾರಿ ಒಂದೇ, ಟೈಪ್ ಮಾಡುವಾಗಲೇ ತಡೆಯುವುದು. B2 ರಿಂದ C8 ರವರೆಗಿನ ಸೆಲ್‌ಗಳನ್ನು ಆರಿಸಿ ಡೇಟಾ ವ್ಯಾಲಿಡೇಷನ್‌ನಲ್ಲಿ ಕಸ್ಟಮ್ ಫಾರ್ಮುಲಾ ಹಾಕಿ:

```
=AND(ISNUMBER(B2),B2>=0,B2<1)
```

ಒಂದು ದಿನಕ್ಕಿಂತ ದೊಡ್ಡ ಸಂಖ್ಯೆ ಒಳಗೇ ಬರುವುದಿಲ್ಲ. ಬೇರೆ ಕಡೆಯಿಂದ ಕಾಪಿ ಮಾಡಿ ಅಂಟಿಸಿದರೆ ಮಾತ್ರ ಇದು ತಪ್ಪಿಸಿಕೊಳ್ಳಬಹುದು, ಅದನ್ನು ನೆನಪಿಡಿ. ರಾತ್ರಿ 10 ಎಂಬುದನ್ನು 10:00 ಅಂತ ಬರೆದ ತಪ್ಪನ್ನೂ ಇದು ಹಿಡಿಯುವುದಿಲ್ಲ. ಆದರೆ ಆಗ 06:30 ರವರೆಗೆ ಇಪ್ಪತ್ತೂವರೆ ಗಂಟೆ ಬರುತ್ತದೆ. E ಕಾಲಂನಲ್ಲಿ 960 ನಿಮಿಷ ದಾಟಿದ್ದಕ್ಕೆಲ್ಲ ಬಣ್ಣ ಬರುವ ಹಾಗೆ ಮಾಡಿದರೆ ಕಣ್ಣಿಗೆ ಹೊಡೆಯುತ್ತದೆ.

ವಾರದ ಮೊತ್ತ 45:30 ಬದಲು 21:30 ಅಂತ ತೋರಿಸುತ್ತಿದೆ.

ಲೆಕ್ಕ ಸರಿ ಇದೆ, ತೋರಿಸುವ ಫಾರ್ಮ್ಯಾಟ್ ತಪ್ಪು. `h:mm` ಫಾರ್ಮ್ಯಾಟ್ ಗಡಿಯಾರದ ಹಾಗೆ 24 ಕ್ಕೆ ಮತ್ತೆ ಸೊನ್ನೆಗೆ ಬರುತ್ತದೆ. ನಿಮಿಷದ ಮೊತ್ತವನ್ನು 1440 ರಿಂದ ಭಾಗಿಸಿ, ಆ ಸೆಲ್‌ಗೆ `[h]:mm` ಫಾರ್ಮ್ಯಾಟ್ ಕೊಡಿ.

ಸಂಬಳದ ದರದ ಜೊತೆ ಗುಣಿಸುವಾಗ ಮಾತ್ರ ಈ ಸೆಲ್ ಬಳಸಬೇಡಿ. 5:30 ಎಂಬ ಸೆಲ್ ಒಳಗೆ ಇರುವುದು 0.229, ದರದ ಕಾಲು ಭಾಗವೂ ಬರುವುದಿಲ್ಲ. ನಿಮಿಷವನ್ನು 60 ರಿಂದ ಭಾಗಿಸಿ 5.5 ಮಾಡಿಕೊಂಡು ಗುಣಿಸಿ. ಕೈಯಲ್ಲಿ ಬರೆಯುವವರು 5:30 ಅನ್ನು 5.30 ಅಂತ ಬರೆದು ಗುಣಿಸಿದರೆ ಹನ್ನೆರಡು ನಿಮಿಷದ ಸಂಬಳ ಹೋಯಿತು.

ಕಾಲು ಗಂಟೆಗೆ ರೌಂಡ್ ಮಾಡುವುದು ಎಲ್ಲಿ?

ನಿಮ್ಮಲ್ಲಿ ರೌಂಡ್ ಮಾಡುವ ನಿಯಮವಿದ್ದರೆ ಅದು ಹೇಳಿದ ಜಾಗದಲ್ಲಿ, ಒಂದೇ ಸಲ. ಪಂಚ್‌ಗೂ ಮಾಡಿ, ದಿನದ ಮೊತ್ತಕ್ಕೂ ಮಾಡಿದರೆ ತಪ್ಪು ಬೆಳೆಯುತ್ತದೆ. ನಿಯಮವಿಲ್ಲದಿದ್ದರೆ ಮಾಡಲೇಬೇಡಿ, ನಿಮಿಷ ಹಾಗೇ ಇರಲಿ.

MOD ಯಾವಾಗ ಕೆಲಸಕ್ಕೆ ಬರುವುದಿಲ್ಲ?

ಪಾಳಿ 24 ಗಂಟೆ ಮುಟ್ಟಿದಾಗ. ಬೆಳಗ್ಗೆ 8 ರಿಂದ ಮರುದಿನ ಬೆಳಗ್ಗೆ 8 ರವರೆಗೆ ಇದ್ದವರಿಗೆ MOD ಸೊನ್ನೆ ಕೊಡುತ್ತದೆ, 25 ಗಂಟೆ ಇದ್ದವರಿಗೆ ಒಂದು ಗಂಟೆ. ಅಂಥ ಪಾಳಿಗಳಿದ್ದರೆ ಇನ್, ಔಟ್ ಎರಡರಲ್ಲೂ ತಾರೀಖು ಮತ್ತು ಸಮಯ ಒಟ್ಟಿಗೆ ಬರೆಸಿ. ಆಗ `C2-B2` ಸಾಕು, MOD ತೆಗೆದುಬಿಡಿ. ಮೇಲಿನ ವ್ಯಾಲಿಡೇಷನ್ ಕೂಡ ಬದಲಾಯಿಸಬೇಕಾಗುತ್ತದೆ.

ಋತುವಿಗೆ ತಕ್ಕಂತೆ ಗಡಿಯಾರವನ್ನು ಹಿಂದೆ ಮುಂದೆ ಮಾಡುವ ಕಡೆ ಇನ್ನೊಂದು ತೊಂದರೆ. ಆ ಬದಲಾವಣೆ ಹೆಚ್ಚಾಗಿ ರಾತ್ರಿಯೇ ಆಗುತ್ತದೆ. ಗಡಿಯಾರ ಮುಂದೆ ಹೋದ ರಾತ್ರಿ ನಿಜವಾದ ಕೆಲಸ ಫಾರ್ಮುಲಾ ಹೇಳಿದ್ದಕ್ಕಿಂತ ಒಂದು ಗಂಟೆ ಕಡಿಮೆ, ಹಿಂದೆ ಬಂದ ರಾತ್ರಿ ಒಂದು ಗಂಟೆ ಜಾಸ್ತಿ. ತಾರೀಖು ಬರೆದರೂ ಶೀಟ್‌ಗೆ ಇದು ಗೊತ್ತಾಗುವುದಿಲ್ಲ. ವರ್ಷಕ್ಕೆ ಎರಡು ರಾತ್ರಿ, ಕೈಯಾರೆ ಸರಿಮಾಡಿ ಪಕ್ಕದಲ್ಲಿ ಕಾರಣ ಬರೆದಿಡಿ.

ಹೊಸ ಶೀಟ್ ಸರಿ ಇದೆ ಅಂತ ಹೇಗೆ ನಂಬುವುದು?

ನಿಜವಾದ ಹೆಸರುಗಳನ್ನು ಹಾಕುವ ಮುಂಚೆ ನಾಲ್ಕು ಸಾಲು ಪರೀಕ್ಷೆ ಮಾಡಿ. 09:00 ರಿಂದ 17:30, ಬ್ರೇಕ್ 30: 480 ಬರಬೇಕು. 22:00 ರಿಂದ 06:30, ಬ್ರೇಕ್ 30: ಇದೂ 480. 18:00 ರಿಂದ 00:00, ಬ್ರೇಕ್ 30: 330. 22:00 ಇನ್ ಮಾತ್ರ, ಔಟ್ ಖಾಲಿ: ಏನೂ ಬರಬಾರದು. ಆಮೇಲೆ ಮೇಲಿನ ಆರು ದಿನದ ಕೋಷ್ಟಕವನ್ನು ಹಾಗೇ ತುಂಬಿ, ಓಟಿ 330 ಎರಡೂ ದಾರಿಯಲ್ಲಿ ಬರುತ್ತದಾ ನೋಡಿ. 465 ಬಂದರೆ ವಾರದ ಫಾರ್ಮುಲಾದಲ್ಲಿ G ಬದಲು E ಕಾಲಂ ಕೂಡಿಸಿದ್ದೀರಿ. ಒಟ್ಟು ಕೆಲಸ 2925 ಬಂದರೆ ಬ್ರೇಕ್ ಕಳೆದೇ ಇಲ್ಲ.